ಬಳಸದೆ ಇಟ್ಟ ಬ್ಯಾಗಿಗೇ ಮೊದಲು ಸಿಪ್ಪೆ ಎದ್ದಿತ್ತು

ಉಡುಪಿಯಲ್ಲಿ ನಮ್ಮದೊಂದು ಸಣ್ಣ ಬ್ಯಾಗ್ ರಿಪೇರಿ ಅಂಗಡಿ. ಜಿಪ್ಪು, ರನ್ನರ್, ಹಿಡಿ, ಸೂಟ್‌ಕೇಸಿನ ಚಕ್ರ, ಇವೇ ದಿನದ ಕೆಲಸ. ಮಳೆಗಾಲ ಮುಗಿದು ಮದುವೆಗಳು ಶುರುವಾಗುವ ಹೊತ್ತಿಗೆ ಮಾತ್ರ ಬೇರೆ ತರದ ಗಿರಾಕಿಗಳು ಬರುತ್ತಾರೆ. ಕಪಾಟಿನಿಂದ ಆಗಷ್ಟೇ ತೆಗೆದ ಬ್ಯಾಗು ಕೈಯಲ್ಲಿರುತ್ತದೆ. ಎಲ್ಲರದ್ದೂ ಒಂದೇ ಮಾತು: "ಮೇಲಿನದ್ದು ಕಿತ್ತು ಬರ್ತಾ ಇದೆ, ಅಂಟಿಸಿ ಕೊಡಿ."

ಮೊದಲು ನಾನು ಅಂಟಿಸಿ ಕೊಡುತ್ತಿದ್ದೆ. ಈಗ ಕೊಡುವುದಿಲ್ಲ. ಯಾಕೆ ಅನ್ನುವುದು ನನಗೆ ಸರಿಯಾಗಿ ಗೊತ್ತಾಗಿದ್ದು ಒಬ್ಬ ಟೀಚರ್ ತಂದ ಎರಡು ಬ್ಯಾಗುಗಳಿಂದ.

ಎರಡೂ ಒಂದೇ ಅಂಗಡಿಯಲ್ಲಿ, ಒಂದೇ ದಿನ ತಗೊಂಡ ಕಪ್ಪು ಬ್ಯಾಗುಗಳು. ಒಂದು ಅವರಿಗೆ, ಇನ್ನೊಂದು ತಂಗಿಗೆ. ತಂಗಿ ಗಲ್ಫಿಗೆ ಹೋಗುವಾಗ ಲಗೇಜ್ ಜಾಸ್ತಿ ಆಯಿತೆಂದು ತನ್ನದನ್ನು ಬಿಟ್ಟು ಹೋಗಿದ್ದರು. ಟೀಚರ್ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬಾಯಿ ಕಟ್ಟಿ, ಕಪಾಟಿನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದರು. ನಾಲ್ಕು ಮಳೆಗಾಲ ಅದು ಅಲ್ಲೇ ಇತ್ತು. ತಮ್ಮದನ್ನು ಮಾತ್ರ ದಿನಾ ಶಾಲೆಗೆ ಹೊತ್ತುಕೊಂಡು ಹೋಗುತ್ತಿದ್ದರು.

ಅವರ ಬ್ಯಾಗಿನಲ್ಲಿ ಹಿಡಿ ಮತ್ತು ಕೆಳಗಿನ ಎರಡು ಮೂಲೆ ಹೋಗಿತ್ತು, ಉಳಿದದ್ದು ಗಟ್ಟಿ. ತಂಗಿಯ ಬ್ಯಾಗನ್ನು ಕವರಿನಿಂದ ತೆಗೆದ ಕೂಡಲೇ ಕೌಂಟರ್ ಮೇಲೆಲ್ಲ ಕಪ್ಪು ಚೂರು. ಮುಟ್ಟಿದಲ್ಲೆಲ್ಲ ಬೆರಳಿಗೆ ಅಂಟಿಕೊಂಡು ಬರುತ್ತಿತ್ತು. ಒಳಗಿನ ಬಿಳಿ ಬಟ್ಟೆ ಕಾಣುತ್ತಿತ್ತು.

"ಒಂದು ದಿನವೂ ಹೊರಗೆ ಹೋಗದ ಬ್ಯಾಗು ಮಾರಾಯ್ರೆ, ಇದು ಹೇಗೆ ಹೀಗಾಯ್ತು?" ಅಂತ ಟೀಚರ್ ಕೇಳಿದರು. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. "ಡುಪ್ಲಿಕೇಟ್ ಮಾಲು ಇರಬೇಕು" ಅಂದುಬಿಟ್ಟೆ. ಎರಡೂ ಒಂದೇ ಮಾಲು ಅಂತ ಎದುರಿಗೇ ಕಾಣುತ್ತಿತ್ತು, ಆದರೂ ಬಾಯಿಗೆ ಬಂದದ್ದು ಅದೇ.

ಆಮೇಲೆ ಕೂತು ಆ ಬ್ಯಾಗಿನ ಅಂಚನ್ನು ಬ್ಲೇಡಿನಲ್ಲಿ ಕತ್ತರಿಸಿ ನೋಡಿದೆ. ನೀವೂ ಹಳೆಯ ಬ್ಯಾಗಿನಲ್ಲಿ ನೋಡಬಹುದು. ಅಡಿಯಲ್ಲಿ ಬಟ್ಟೆ. ಅದರ ಮೇಲೆ ಸ್ಪಂಜಿನಂಥ ಮೆತ್ತನೆಯ ಪದರ. ಎಲ್ಲಕ್ಕಿಂತ ಮೇಲೆ, ಚರ್ಮದಂತೆ ಕಾಣುವ ಬಲು ತೆಳುವಾದ ಒಂದು ಪೊರೆ. ಫ್ಯಾಕ್ಟರಿಯಲ್ಲಿ ಚರ್ಮದ ಗೆರೆಗಳ ಅಚ್ಚಿರುವ ಒಂದು ಕಾಗದದ ಮೇಲೆ ಈ ಪೊರೆಯನ್ನು ಮೊದಲು ಹರಡಿ ಒಣಗಿಸುತ್ತಾರೆ. ಆಮೇಲೆ ಅಂಟು ಹಾಕಿ ಬಟ್ಟೆಯ ಮೇಲೆ ಕೂರಿಸಿ ಕಾಗದವನ್ನು ಕಿತ್ತು ತೆಗೆಯುತ್ತಾರೆ. ಅಂದರೆ ನಾವು ಚರ್ಮ ಅಂತ ಮುಟ್ಟಿ ನೋಡುವುದು ಈ ಪೊರೆಯನ್ನು ಮಾತ್ರ. ಬ್ಯಾಗಿಗೆ ಬಲ ಕೊಡುವುದು ಬಟ್ಟೆ.

ಈ ಪೊರೆ ಪಾಲಿಯುರೆಥೇನ್. ಮಾರ್ಕೆಟ್ಟಿನಲ್ಲಿ ಸುಮ್ನೆ ಪಿಯು ಅಂತಾರೆ. ಕಡಿಮೆ ಬೆಲೆಯ ಪಿಯುನಲ್ಲಿ ಸಾಮಾನ್ಯವಾಗಿ ಎಸ್ಟರ್ ಅನ್ನುವ ಕೊಂಡಿಗಳಿಂದ ಕಟ್ಟಿದ ಉದ್ದ ಸರಪಳಿಗಳಿರುತ್ತವೆ. ಈ ಕೊಂಡಿಗೆ ನೀರು ಶತ್ರು. ಸುರಿಯುವ ನೀರೇ ಬೇಕಾಗಿಲ್ಲ, ಗಾಳಿಯಲ್ಲಿರುವ ತೇವ ಸಾಕು. ತೇವ ಒಳಗೆ ಇಳಿದು ಒಂದೊಂದೇ ಕೊಂಡಿ ಕತ್ತರಿಸುತ್ತದೆ. ಕತ್ತರಿಸಿದ ತುದಿಯಲ್ಲಿ ಆಮ್ಲ ಹುಟ್ಟುತ್ತದೆ. ಆ ಆಮ್ಲ ಪಕ್ಕದ ಕೊಂಡಿಗಳು ಇನ್ನೂ ಬೇಗ ಕಡಿಯುವಂತೆ ಮಾಡುತ್ತದೆ. ಹುಳಿ ಬಂದ ಹಿಟ್ಟು ಒಂದು ಸೌಟು ಬೆರೆಸಿದರೆ ಹೊಸ ಹಿಟ್ಟೂ ಬೇಗ ಹುಳಿಯಾಗುತ್ತದೆ, ಅಲ್ವಾ? ಹಾಗೆ. ಅದಕ್ಕೇ ಮೂರು ವರ್ಷ ಚೆನ್ನಾಗಿಯೇ ಕಂಡ ಬ್ಯಾಗು ನಾಲ್ಕನೇ ವರ್ಷ ಒಂದೇ ಸಲ ಉದುರಲು ಶುರುವಾಗುತ್ತದೆ. ಹಾಳಾಗುವುದು ಮೊದಲಿಂದಲೂ ನಡೆದಿತ್ತು, ಕಣ್ಣಿಗೆ ಬಿದ್ದದ್ದು ಮಾತ್ರ ಕೊನೆಗೆ.

ಈಗ ತಂಗಿಯ ಬ್ಯಾಗಿನ ವಿಷಯ ನೋಡಿ. ಕವರಿಗೆ ಹಾಕಿದ್ದು ಜೂನಿನಲ್ಲಂತೆ. ನಮ್ಮ ಕಡೆ ಜೂನಿನಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ. ಬ್ಯಾಗಿನ ಬಟ್ಟೆ ಮತ್ತು ಸ್ಪಂಜಿನಲ್ಲಿದ್ದ ತೇವ ಕವರಿನೊಳಗೇ ಉಳಿಯಿತು. ಬಾಯಿ ಕಟ್ಟಿದ್ದರಿಂದ ಹೊರಗೆ ಹೋಗಲು ದಾರಿ ಇಲ್ಲ. ಕಪಾಟು ಬೇರೆ ಹೊರಗೋಡೆಗೆ ತಾಗಿಕೊಂಡೇ ಇತ್ತು. ಟೀಚರ್ ಬ್ಯಾಗು ಮಳೆಗೆ ನೆನೆದದ್ದು ಎಷ್ಟೋ ಸಲ. ಆದರೆ ದಿನಾ ಫ್ಯಾನಿನ ಗಾಳಿ, ಹೊರಗಿನ ಗಾಳಿ ಸಿಕ್ಕಿ ಒಣಗುತ್ತಿತ್ತು. ಅದರ ಹಿಡಿ ಹೋದದ್ದಕ್ಕೆ ಕಾರಣ ಬೇರೆ: ಕೈಯ ಬೆವರು, ಎಣ್ಣೆ ಅಂಶ, ಉಜ್ಜಾಟ. ಅದರ ಜೊತೆಗೆ ಕೋವಿಡ್ ಸಮಯದಿಂದ ಅಂಟಿಕೊಂಡ ಒಂದು ಅಭ್ಯಾಸ, ಮನೆಗೆ ಬಂದ ಕೂಡಲೇ ಹಿಡಿಯನ್ನು ಸ್ಯಾನಿಟೈಸರಿನಿಂದ ಒರೆಸುವುದು. ಸ್ಯಾನಿಟೈಸರಿನಲ್ಲಿರುವ ಆಲ್ಕೋಹಾಲ್ ಪಿಯು ಪೊರೆಯನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಬಣ್ಣವನ್ನೂ ಎಬ್ಬಿಸುತ್ತದೆ.

ಇಲ್ಲಿ ನನ್ನ ತಪ್ಪುಗಳನ್ನೂ ಹೇಳಬೇಕು. ಮೊದಲನೆಯದು ಅಂಟಿಸಿದ್ದು. ಎದ್ದ ಸಿಪ್ಪೆಯ ಕೆಳಗೆ ಸೊಲ್ಯೂಷನ್ ಹಚ್ಚಿ ಒತ್ತಿ ಕೊಡುತ್ತಿದ್ದೆ. ಎರಡು ವಾರಕ್ಕೆ ಅದೇ ಗಿರಾಕಿ ವಾಪಸ್. ಅಂಟಿದ ಜಾಗ ಹಾಗೇ ಇರುತ್ತಿತ್ತು, ಅದರ ಪಕ್ಕ ಹೊಸದಾಗಿ ಎದ್ದಿರುತ್ತಿತ್ತು. ಕೆಲವು ಸಲ ಸೊಲ್ಯೂಷನ್ನಿನ ಥಿನ್ನರ್ ತಾಗಿ ಪೊರೆ ಗುಳ್ಳೆ ಗುಳ್ಳೆಯಾಗಿದ್ದೂ ಉಂಟು. ಅಂಟು ಬಿಟ್ಟಿದ್ದರೆ ಅಂಟಿಸಬಹುದು. ಪೊರೆಯೇ ಪುಡಿಯಾಗಿದ್ದರೆ ಎಂಥ ಅಂಟೂ ಪುಡಿಯನ್ನೇ ಹಿಡಿದುಕೊಳ್ಳುತ್ತದೆ.

ಎರಡನೆಯದು ಇನ್ನೂ ದುಬಾರಿ ಆಯಿತು. ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಕಂದು ಬಣ್ಣದ ಪಿಯು ರೋಲ್ ಅರ್ಧ ಬೆಲೆಗೆ ಸಿಕ್ಕಿತು. ನೋಡಲು ಹೊಸದರಂತೆ ಹೊಳೆಯುತ್ತಿತ್ತು. ಆರೇಳು ಬ್ಯಾಗಿಗೆ ಅದರಲ್ಲೇ ಹಿಡಿ ಹಾಕಿದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎಲ್ಲವೂ ಉದುರಿ ವಾಪಸ್ ಬಂದವು. ಗೋಡೌನಿನಲ್ಲಿ ಅದು ಎಷ್ಟು ವರ್ಷ ಬಿದ್ದಿತ್ತೋ. ಪಿಯು ವಯಸ್ಸನ್ನು ಬಿಲ್ಲಿನ ತಾರೀಖಿನಿಂದ ಲೆಕ್ಕ ಹಾಕಬಾರದು, ಮಾಲು ತಯಾರಾದ ದಿನದಿಂದ ಲೆಕ್ಕ ಹಾಕಬೇಕು. ಡಿಸ್ಕೌಂಟ್ ಮಾರಾಟದಲ್ಲಿ ತಗೊಂಡ "ಹೊಸ" ಬ್ಯಾಗು ಬೇಗ ಹೋಗುವುದಕ್ಕೂ ಎಷ್ಟೋ ಸಲ ಇದೇ ಕಾರಣ.

ಆಮೇಲೆ ಒಂದು ಪರೀಕ್ಷೆ ಮಾಡಿದೆ. ಲ್ಯಾಬಿನಲ್ಲಿ ಇಂಥ ಮಾಲನ್ನು 70 ಡಿಗ್ರಿ ಬಿಸಿ, 95 ಶೇಕಡಾ ತೇವ ಇರುವ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇಡುತ್ತಾರೆ. ಬಿಸಿ ಹೆಚ್ಚಾದಷ್ಟೂ ಕೊಂಡಿ ಕಡಿಯುವ ಕೆಲಸ ಬೇಗ ಆಗುತ್ತದೆ, ಅದಕ್ಕೆ. ನನ್ನ ಹತ್ತಿರ ಪೆಟ್ಟಿಗೆ ಎಲ್ಲಿಂದ? ಒಂದು ಸ್ಟೀಲ್ ಡಬ್ಬಿ ತಗೊಂಡೆ. ತಳದಲ್ಲಿ ಒದ್ದೆ ಬಟ್ಟೆ. ಅದಕ್ಕೆ ತಾಗದಂತೆ ಮುಚ್ಚಳದಿಂದ ಎರಡು ಪಟ್ಟಿ ಇಳಿಬಿಟ್ಟೆ. ಒಂದು ಆ ಕಂದು ರೋಲಿನದ್ದು, ಇನ್ನೊಂದು ಹೊಸದಾಗಿ ತರಿಸಿದ್ದು. ಏಪ್ರಿಲ್ ತಿಂಗಳು ಪೂರ್ತಿ ಅಂಗಡಿಯ ತಗಡಿನ ಮಾಡಿನ ಮೇಲೆ ಇಟ್ಟೆ. ಕೊನೆಗೆ ಒಣಗಿಸಿ, ಎರಡರ ಮೇಲೂ ಸೆಲ್ಲೋಟೇಪ್ ಒತ್ತಿ ಕಿತ್ತೆ. ಹೊಸದರ ಟೇಪು ಸ್ವಚ್ಛ. ಕಂದು ಪಟ್ಟಿಯ ಟೇಪಿಗೆ ಪೊರೆ ಪೂರ್ತಿ ಅಂಟಿ ಬಂತು.

ಈ ಟೇಪಿನ ಉಪಾಯ ಮನೆಯಲ್ಲೂ ಆಗುತ್ತದೆ. ಬ್ಯಾಗಿನಲ್ಲಿ ಕಾಣದ ಜಾಗ, ಮುಚ್ಚಳದ ಒಳಬದಿಯಂಥದ್ದು, ಹುಡುಕಿ ಸಣ್ಣ ತುಂಡು ಟೇಪ್ ಒತ್ತಿ ನಿಧಾನವಾಗಿ ಎಳೆಯಿರಿ. ಬಣ್ಣದ ಚೂರು ಬಂದರೆ ಅದರ ಆಯಸ್ಸು ಮುಗಿಯುತ್ತಾ ಬಂದಿದೆ ಅಂತಲೇ. ಅದಕ್ಕಿಂತ ಮೊದಲಿನ ಲಕ್ಷಣವೂ ಇದೆ: ಒಣಗಿದ ದಿನವೂ ಮೇಲ್ಮೈ ಸ್ವಲ್ಪ ಜಿಗುಟು ಅನಿಸುವುದು, ಮಡಿಚಿದಲ್ಲಿ ಕೂದಲೆಳೆಯಂಥ ಬಿರುಕು ಕಾಣುವುದು.

ನಿಧಾನ ಮಾಡುವ ದಾರಿ ಅಂದರೆ ತೇವ ಮತ್ತು ಬಿಸಿಯನ್ನು ದೂರ ಇಡುವುದು, ಅಷ್ಟೇ. ಪ್ಲಾಸ್ಟಿಕ್ ಕವರ್ ಬೇಡ, ಹಳೆಯ ಹತ್ತಿ ತಲೆದಿಂಬಿನ ಕವರಿನಲ್ಲಿ ಹಾಕಿ. ಒಳಗೆ ಹಳೆ ಹತ್ತಿ ಬಟ್ಟೆ ತುಂಬಿ, ಮಡಿಕೆ ಬೀಳದ ಹಾಗೆ ನಿಲ್ಲಿಸಿ. ಕಪಾಟಿನಲ್ಲಿ ಗೋಡೆಗೆ ತಾಗಿಸಬೇಡಿ, ಕೆಳಗಿನ ಖಾನೆಗಿಂತ ಮೇಲಿನದ್ದು ವಾಸಿ. ಆಟಿ ತಿಂಗಳಲ್ಲಿ ಒಂದು ದಿನ ಬಿಸಿಲು ಬಂದರೂ ಕಪಾಟಿನ ಬಾಗಿಲು ತೆರೆದು, ಬ್ಯಾಗನ್ನು ಫ್ಯಾನಿನ ಕೆಳಗೆ ಎರಡು ಗಂಟೆ ಇಡಿ. ಬಿಸಿಲಿಗೇ ಒಡ್ಡಬೇಡಿ, ಹೇರ್ ಡ್ರೈಯರ್ ಕೂಡ ಬೇಡ. ಸಿಲಿಕಾ ಜೆಲ್ ಪೊಟ್ಟಣ ಒಳ್ಳೆಯದೇ. ಆದರೆ ಶೂ ಡಬ್ಬಿಯಲ್ಲಿ ಬಂದ ಹಳೆಯ ಪೊಟ್ಟಣ ಆಗಲೇ ಹೊಟ್ಟೆ ತುಂಬ ನೀರು ಕುಡಿದಿರುತ್ತದೆ. ಬಣ್ಣ ಬದಲಾಗುವ ಹರಳಿನದ್ದು ತಂದರೆ ಯಾವಾಗ ತುಂಬಿತು ಅಂತ ಗೊತ್ತಾಗುತ್ತದೆ. ಒದ್ದೆ ರೈನ್‌ಕೋಟಿನ ಜೊತೆ ಸ್ಕೂಟರ್ ಡಿಕ್ಕಿಯಲ್ಲಿ ಹಾಕಿ, ಮಳೆ ನಿಂತ ಮೇಲೆ ಬಿಸಿಲಲ್ಲಿ ನಿಲ್ಲಿಸುವವರಿದ್ದಾರೆ. ನನ್ನ ಸ್ಟೀಲ್ ಡಬ್ಬಿಯೂ ಅದೂ ಒಂದೇ.

ಒರೆಸಲು ಹಿಂಡಿದ ಒದ್ದೆ ಬಟ್ಟೆ, ಹಿಂದೆಯೇ ಒಣ ಬಟ್ಟೆ. ಹಿಡಿಗೆ ವಾರಕ್ಕೊಮ್ಮೆ ಮಾಡಿದರೂ ಸಾಕು. ತೆಂಗಿನೆಣ್ಣೆ, ಶೂ ಪಾಲಿಶ್ ಹಚ್ಚುವುದು ಮಾತ್ರ ಬೇಡ. ಅವು ನಿಜವಾದ ಚರ್ಮಕ್ಕೆ ಇರುವಂಥವು. ಪಿಯು ಎಣ್ಣೆ ಕುಡಿದು ಮೆತ್ತಗಾಗುವ ವಸ್ತು ಅಲ್ಲ. ಹೊಳಪು ಎರಡು ದಿನ, ಆಮೇಲೆ ಧೂಳು ಹಿಡಿದು ಜಿಗುಟು.

ರೆಕ್ಸಿನ್ ಬ್ಯಾಗಿನ ಕಥೆ ಬೇರೆ, ಅದು ಪಿವಿಸಿ. ತೇವಕ್ಕೆ ಅಷ್ಟು ಬಗ್ಗುವುದಿಲ್ಲ. ಅದನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ವಸ್ತು ವರ್ಷಗಳಲ್ಲಿ ಹೊರಗೆ ಬಂದು, ರೆಕ್ಸಿನ್ ಗಟ್ಟಿಯಾಗಿ ಸೀಳುತ್ತದೆ. ಹೊರಬಂದ ಆ ಎಣ್ಣೆ ಪಕ್ಕದ ಪಿಯು ಬ್ಯಾಗಿಗೆ ಇಳಿದು ಅದನ್ನು ಅಂಟಂಟು ಮಾಡುವುದೂ ಇದೆ. ಎರಡನ್ನೂ ಒತ್ತಿ ಇಡಬೇಡಿ.

ಇನ್ನು ಹೋದ ಬ್ಯಾಗಿಗೆ ಏನು? ಟೀಚರ್ ಬ್ಯಾಗಿಗೆ ಹಿಡಿಯ ಹೊಲಿಗೆ ಬಿಚ್ಚಿದೆ. ಒಳಗಿನ ಹಗ್ಗ ಚೆನ್ನಾಗಿತ್ತು, ಅದನ್ನೇ ಇಟ್ಟುಕೊಂಡು ಮೇಲೆ ನಿಜವಾದ ಚರ್ಮದ ಪಟ್ಟಿ ಸುತ್ತಿ ಹೊಲಿದೆ. ಮೂಲೆಗಳಿಗೂ ಅದೇ ಚರ್ಮದ ತುಂಡು ಕೂರಿಸಿದೆ. ತಂಗಿಯ ಬ್ಯಾಗಿಗೆ ಕೈ ಹಾಕಲಿಲ್ಲ. ಎಲ್ಲ ಬದಿ ಬದಲಿಸಿದರೆ ಹೊಸ ಬ್ಯಾಗಿನ ಖರ್ಚೇ ಆಗುತ್ತಿತ್ತು. ಬಕಲ್, ಜಿಪ್ಪು ಬಿಚ್ಚಿ ಅವರ ಕೈಗೆ ಕೊಟ್ಟೆ.

"ತಂಗಿ ಡಿಸೆಂಬರಿಗೆ ಬರ್ತಾಳೆ, ಏನು ಹೇಳೋದು?" ಅಂದರು. ಅವತ್ತು ಬಾಯಿಗೆ ಬಂದ ಡುಪ್ಲಿಕೇಟ್ ಮಾತಿಗೆ ತಪ್ಪಾಯಿತು ಅಂತ ಹೇಳಿ, ಬ್ಲೇಡಿನಲ್ಲಿ ಕತ್ತರಿಸಿದ ಅಂಚಿನ ತುಂಡನ್ನೇ ಒಂದು ಪೊಟ್ಟಣದಲ್ಲಿ ಹಾಕಿ ಕೊಟ್ಟೆ. ಕಾಗದದ ಪೊಟ್ಟಣದಲ್ಲಿ.