ಸ್ಪೀಕರ್ ಒಳಗಿನ ಟರ್ರ್ ಸದ್ದು: ಮೂರು ಭಾನುವಾರದ ಲಾಗ್

ಮೊದಲನೇ ಭಾನುವಾರ

ಅಮ್ಮ ಬೆಳಿಗ್ಗೆ ಅಡುಗೆಮನೇಲಿ ಹಾಡು ಹಾಕ್ಕೊಳ್ಳೋ ಬ್ಲೂಟೂತ್ ಸ್ಪೀಕರ್ ಇದು, ತಗೊಂಡು ಹದಿನಾಲ್ಕು ತಿಂಗಳಾಯ್ತು, ವಾರಂಟಿ ಎರಡು ತಿಂಗಳ ಹಿಂದೆ ಮುಗೀತು. ಇಟ್ಟಿಗೆಗಿಂತ ಸ್ವಲ್ಪ ಚಿಕ್ಕ ಡಬ್ಬಿ. ಮುಂದೆ ಲೋಹದ ಜಾಲರಿ ಹಿಂದೆ ಎರಡು ಪುಟ್ಟ ಡ್ರೈವರು, ಅಂದ್ರೆ ತಂತಿ ಸುತ್ತಿದ ಕಾಯಿಲ್ ಕೋನ್ ಅನ್ನೋ ಪೊರೆಯನ್ನ ಅಲ್ಲಾಡಿಸಿ ಸದ್ದು ಮಾಡೋ ಭಾಗ, ಹಿಂಬದಿ ಮುಚ್ಚಳದಲ್ಲಿ ಒಂದು ಪ್ಯಾಸಿವ್ ರೇಡಿಯೇಟರ್, ಅಂದ್ರೆ ಕಾಯಿಲ್ ಇಲ್ಲದ, ಒಳಗಿನ ಗಾಳಿಯ ಒತ್ತಡಕ್ಕೇ ಕುಣಿಯೋ ರಬ್ಬರ್ ಪೊರೆ. ಬೇಸಿನ ಹೆಚ್ಚಿನ ಭಾಗ ಅದ್ರಿಂದಾನೇ ಬರೋದು. ನಾನೂ ಇದನ್ನ ಬೈಕಿನ ಬಾಕ್ಸಲ್ಲಿ ಹಾಕ್ಕೊಂಡು ಊರಿಗೆ ಹೋಗಿದ್ದೀನಿ, ಬಂದಿದ್ದೀನಿ, ರಸ್ತೆ ಹೇಗಿರುತ್ತೆ ಗೊತ್ತಲ್ಲ.

ಹದಿನೈದು ದಿನದಿಂದ ಅಮ್ಮ ಹೇಳ್ತಾನೇ ಇದ್ರು, ಮೃದಂಗದ ಎಡಗಡೆ ಪೆಟ್ಟು ಬಿದ್ದಾಗೆಲ್ಲ ಒಳಗೆ ಏನೋ ಟರ್ರ್ ಅನ್ನುತ್ತೆ ಕಣೋ ಅಂತ. ನಾನು ಕೇಳಿದಾಗ ಹಾಡು ಸರಿಯಾಗೇ ಇತ್ತು, ಬಲಗಡೆ ಪೆಟ್ಟು, ಪಿಟೀಲು, ದನಿ ಎಲ್ಲ ಸ್ವಚ್ಛ, ಎಡಗಡೆಯ ಒಂದು ಮಟ್ಟದ ಗುಂ ಬಂದಾಗ ಮಾತ್ರ ಅದರ ಬಾಲಕ್ಕೆ ಅಂಟಿಕೊಂಡ ಹಾಗೆ ಸಣ್ಣ ಟರ್ರ್. ಅಮ್ಮನ ಕಿವಿ ಸರಿ ಇತ್ತು.

ಬಿಚ್ಚೋಕೆ ಮುಂಚೆ ಮೊದಲು ನೋಡಬೇಕಾದ್ದು ಸದ್ದು ಸ್ಪೀಕರ್‌ದೇನಾ ಅನ್ನೋದು. ನಮ್ಮದು ಮಸಾಲೆ ಡಬ್ಬಿಗಳ ಪಕ್ಕ ಸ್ಟೀಲ್ ರ್‍ಯಾಕ್ ಮೇಲಿರುತ್ತೆ, ಆ ರ್‍ಯಾಕಲ್ಲಿ ಯಾವ ತಟ್ಟೆ ಬೇಕಾದ್ರೂ ನಡುಗಬಹುದು. ಅದಕ್ಕೆ ಹಾಸಿಗೆ ಮೇಲೆ ದಪ್ಪ ಟವೆಲ್ ಮಡಚಿ ಅದರ ಮೇಲಿಟ್ಟೆ, ಆಮೇಲೆ ಕೈಯಲ್ಲಿ ಹಿಡಿದು ಕೇಳ್ದೆ. ಟರ್ರ್ ಹಾಗೇ ಇತ್ತು, ಸರಿ, ಒಳಗಿನದೇ.

ಹಾಡು ಹಾಕ್ಕೊಂಡು ಹುಡುಕೋದು ಕಷ್ಟ, ಆ ಸ್ವರ ಬಂದು ಹೋಗಿಬಿಡುತ್ತೆ. ಫೋನಲ್ಲಿ ಟೋನ್ ಜನರೇಟರ್ ಆಪ್ ಹಾಕಿ ಅರ್ಧ ವಾಲ್ಯೂಮಲ್ಲಿ 40 ಹರ್ಟ್ಜ್‌ನಿಂದ ನಿಧಾನಕ್ಕೆ ಮೇಲಕ್ಕೆ ಏರಿಸ್ತಾ ಬಂದೆ. ಫುಲ್ ವಾಲ್ಯೂಮಲ್ಲಿ ಮಾಡಬೇಡಿ, ಒಂದೇ ಸ್ವರ ಬಿಡದೆ ಬಾರಿಸಿದ್ರೆ ಇಷ್ಟು ಪುಟ್ಟ ಡ್ರೈವರಿನ ಕಾಯಿಲ್ ಬಿಸಿಯಾಗಿ ಸುಟ್ಟೇ ಹೋಗಬಹುದು. ಇನ್ನೊಂದು ಕಾರಣಾನೂ ಇದೆ, ಇಂಥ ಎಷ್ಟೋ ಸ್ಪೀಕರ್‌ಗಳಲ್ಲಿ ವಾಲ್ಯೂಮ್ ತುಂಬ ಏರಿಸಿದಾಗ ಡ್ರೈವರನ್ನ ಕಾಪಾಡೋಕೆ ಸ್ಪೀಕರ್ ತಾನೇ ಬೇಸ್ ಕಮ್ಮಿ ಮಾಡಿಕೊಳ್ಳುತ್ತೆ, ಹಾಗಾಗಿ ಟರ್ರ್ ಅನ್ನೋದು ಮಧ್ಯದ ವಾಲ್ಯೂಮಲ್ಲಿ ಜೋರಾಗಿ ಕೇಳಿ ಫುಲ್ಲಲ್ಲಿ ಮಾಯ ಆಗೋದೂ ಉಂಟು.

120ರ ತನಕ ಏನೂ ಇಲ್ಲ. 128ಕ್ಕೆ ಶುರುವಾಯ್ತು, 135ರ ಹತ್ತಿರ ಜೋರು, 145 ದಾಟಿದ ಮೇಲೆ ನಿಂತುಹೋಯ್ತು. ಇದು ಸಿಕ್ಕಿದ್ದು ದೊಡ್ಡ ವಿಷಯ. ಕೋನ್ ಹರಿದಿದ್ರೆ ಇಷ್ಟು ಕಿರಿದಾದ ಜಾಗದಲ್ಲಿ ಮಾತ್ರ ಕೇಳಿಸೋದು ಕಮ್ಮಿ, ಕೋನ್ ದೊಡ್ಡದಾಗಿ ಅಲ್ಲಾಡೋ ಸ್ವರಗಳಲ್ಲೆಲ್ಲ ಬರ್‍ರ್ ಅಂತ ಕೇಳುತ್ತೆ. ಕಾಯಿಲ್ ಉಜ್ಜುತ್ತಿದ್ರೆ ಅದು ಟರ್ರ್ ಅಲ್ಲ, ಮರಳು ಕೆರೆದ ಹಾಗೆ ಕರಕರ. ಒಂದೇ ಚಿಕ್ಕ ವ್ಯಾಪ್ತಿಯಲ್ಲಿ ಮಾತ್ರ ನಡುಗೋದು ಅಂದ್ರೆ ಯಾವುದೋ ಬಿಡಿ ವಸ್ತು ತನ್ನ ತೂಕ, ತನ್ನ ಹಿಡಿತಕ್ಕೆ ತಕ್ಕ ಸ್ವರಕ್ಕೆ ಕುಣೀತಿದೆ ಅಂತ ನನ್ನ ಲೆಕ್ಕ.

ಅದನ್ನ ಗಟ್ಟಿ ಮಾಡ್ಕೊಳ್ಳೋಕೆ 135ರಲ್ಲೇ ಟೋನ್ ಬಿಟ್ಟು ಸ್ಪೀಕರನ್ನ ತಿರುಗಿಸ್ತಾ ಹೋದೆ. ನೆಟ್ಟಗೆ ಇಟ್ಟಾಗ ಟರ್ರ್, ಎಡಕ್ಕೆ ಮಲಗಿಸಿದ್ರೆ ಟರ್ರ್, ಮುಖ ಮೇಲೆ ಮಾಡಿ ಬೆನ್ನ ಮೇಲೆ ಮಲಗಿಸಿದ ತಕ್ಷಣ ಪೂರ್ತಿ ನಿಶ್ಶಬ್ದ. ಮೂರು ಸಲ ಮಾಡ್ದೆ, ಮೂರು ಸಲವೂ ಹಾಗೇ. ಹರಿದ ಕೋನಿಗೆ ಯಾವ ಕಡೆ ತಿರುಗಿಸಿದ್ರೂ ಹೆಚ್ಚೇನೂ ವ್ಯತ್ಯಾಸ ಆಗಲ್ಲ, ಅದರ ತೂಕಾನೇ ಅಷ್ಟು ಕಮ್ಮಿ. ತೂಕ ಇರೋ ಬಿಡಿ ವಸ್ತು ಮಾತ್ರ ಒಂದು ಕಡೆ ಮಲಗಿಸಿದಾಗ ತನ್ನ ಭಾರಕ್ಕೇ ಒತ್ತಿಕೊಂಡು ಸುಮ್ಮನಾಗೋದು. ಕಿವಿ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸ್ದೆ, ಸ್ಕ್ರೂ ಬಿಚ್ಚಿಕೊಂಡಿದ್ರೆ ಕಿಣಿಕಿಣಿ ಅನ್ನಬೇಕಿತ್ತು, ಇಲ್ಲಿ ಬಂದಿದ್ದು ಮಂದವಾದ ಒಂದೇ ತಟ್. ಇಷ್ಟು ಮಂದ ಸದ್ದು ಮಾಡೋಷ್ಟು ಭಾರದ ವಸ್ತು ಅದರೊಳಗೆ ಬ್ಯಾಟರಿ ಬಿಟ್ರೆ ಇನ್ನೇನಿದೆ. ಅಮ್ಮನಿಗೆ ಸದ್ಯಕ್ಕೆ ಬೆನ್ನ ಮೇಲೆ ಮಲಗಿಸಿ ಹಾಡು ಕೇಳಿ ಅಂದೆ. ಪ್ಯಾಸಿವ್ ರೇಡಿಯೇಟರ್ ನೆಲಕ್ಕೆ ಒತ್ತಬಾರದು ಅಂತ ಎರಡು ಪಕ್ಕಕ್ಕೂ ಎರೇಸರ್ ತುಂಡು ಕೊಟ್ಟಿದ್ದೀನಿ.

ಎರಡನೇ ಭಾನುವಾರ

ಶನಿವಾರ ರಾತ್ರಿ ಹಾಡು ಹಾಕಿ ಚಾರ್ಜ್ ಇಳಿಸಿಟ್ಟಿದ್ದೆ, ಮೂವತ್ತು ನಲವತ್ತು ಪರ್ಸೆಂಟ್ ಸಾಕು. ತುಂಬಿದ ಲಿಥಿಯಂ ಸೆಲ್ ಪಕ್ಕ ಸ್ಕ್ರೂಡ್ರೈವರ್ ಆಡಿಸೋದು ನನಗೆ ಇಷ್ಟ ಇಲ್ಲ, ಎಡವಟ್ಟಾದ್ರೆ ಚಾರ್ಜ್ ಕಮ್ಮಿ ಇದ್ದಷ್ಟೂ ಅಪಾಯ ಕಮ್ಮಿ.

ಸ್ಕ್ರೂಗಳು ಕೆಳಗಿನ ರಬ್ಬರ್ ಪಟ್ಟಿ ಅಡೀಲಿ ಮತ್ತು ಹಿಂಬದಿಯ ಅಂಚಲ್ಲಿ, ಒಟ್ಟು ಎಂಟು. ರಬ್ಬರ್ ಪಟ್ಟಿ ಏಳಿಸೋಕೆ ಹೇರ್ ಡ್ರೈಯರ್ ದೂರದಿಂದ ಅರ್ಧ ನಿಮಿಷ ಹಿಡಿದ್ರೆ ಅಂಟು ಮೆತ್ತಗಾಗುತ್ತೆ, ಹಳೇ ಎಟಿಎಂ ಕಾರ್ಡ್ ತೂರಿಸಿದ್ರೆ ಹರಿಯದೆ ಬರುತ್ತೆ. ಮುಚ್ಚಳ ಎಳೆಯುವಾಗ ಅವಸರ ಮಾಡಬಾರದು, ನಮ್ಮದರಲ್ಲಿ ಸರ್ಕ್ಯೂಟ್ ಬೋರ್ಡಿಂದ ಮುಚ್ಚಳದ ಚಾರ್ಜಿಂಗ್ ಪೋರ್ಟಿಗೆ ಒಂದು ತೆಳು ರಿಬ್ಬನ್ ಇತ್ತು. ಡ್ರೈವರ್ ಹತ್ತಿರ ಉಕ್ಕಿನ ಸ್ಕ್ರೂಡ್ರೈವರ್ ತಂದ್ರೆ ಅದರ ಆಯಸ್ಕಾಂತ ಫಟ್ ಅಂತ ಎಳ್ಕೊಳ್ಳುತ್ತೆ, ಕೈ ತಪ್ಪಿದ್ರೆ ಕೋನ್ ತೂತು, ಆಗ ಇಲ್ಲದ ರೋಗ ನಾವೇ ತಂದ ಹಾಗೆ.

ಒಳಗೆ ನೋಡಿದ್ರೆ ನಿರೀಕ್ಷೆ ಮಾಡಿದ್ದೇ. ಎರಡು 18650 ಸೆಲ್ ಪಕ್ಕಪಕ್ಕ ಸೇರಿಸಿ ನೀಲಿ ಪ್ಲಾಸ್ಟಿಕ್ ಸುತ್ತಿದ ಪ್ಯಾಕು. ಒಂದೊಂದು ಸೆಲ್ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಸುಮಾರು 45 ಗ್ರಾಂ ತೂಗುತ್ತೆ, ಅಂದ್ರೆ ಎರಡೂ ಸೇರಿ ತೊಂಬತ್ತರ ಆಸುಪಾಸು. ಅಷ್ಟು ಭಾರಾನ ಹಿಡಿದಿದ್ದು ಒಂದೇ ಒಂದು ಡಬಲ್ ಸೈಡ್ ಫೋಮ್ ಟೇಪಿನ ಪಟ್ಟಿ, ಅದರ ಅಂಟು ಒಂದು ಕಡೆ ಒಣಗಿ ಹಳದಿ ಪುಡಿ ಆಗಿತ್ತು, ಇನ್ನೊಂದು ಕಡೆ ಫೋಮ್ ಚಪ್ಪಟೆಯಾಗಿ ಕಾಗದದ ಥರ. ಬೆರಳಲ್ಲಿ ತಳ್ಳಿದ್ರೆ ಪ್ಯಾಕ್ ಒಂದೂವರೆ ಮಿಲಿಮೀಟರ್ ಅಲ್ಲಾಡ್ತಿತ್ತು, ಮುಚ್ಚಳದ ಒಳಗಿರೋ ಪ್ಲಾಸ್ಟಿಕ್ ಉಬ್ಬುಗೆರೆಗೆ ಅದು ಬಡಿದ ಜಾಗದಲ್ಲಿ ಸಣ್ಣ ಹೊಳೆಯೋ ಗುರುತು. ಬೆನ್ನ ಮೇಲೆ ಮಲಗಿಸಿದಾಗ ಯಾಕೆ ಸುಮ್ಮನಾಗ್ತಿತ್ತು ಅಂತ ಗೊತ್ತಾಯ್ತು, ಪ್ಯಾಕ್ ತನ್ನ ತೂಕಕ್ಕೆ ಅದೇ ಉಬ್ಬುಗೆರೆ ಮೇಲೆ ಕೂತ್ಕೊಳ್ತಿತ್ತು. ಒಲೆ ಪಕ್ಕದ ಬಿಸಿ, ಬೈಕಿನ ಕುಲುಕಾಟ, ಎರಡೂ ಸೇರಿ ಟೇಪನ್ನ ಮುಗಿಸಿವೆ ಅನ್ಸುತ್ತೆ.

ಮೊದಲು ಬ್ಯಾಟರಿ ಕನೆಕ್ಟರ್ ಬಿಚ್ಚಿದೆ, ವೈರ್ ಹಿಡಿದು ಎಳೆಯದೆ ಬಿಳಿ ಪ್ಲಾಸ್ಟಿಕ್ ಭಾಗ ಹಿಡಿದು. ಮೀಟರಲ್ಲಿ 3.7 ವೋಲ್ಟ್ ಚಿಲ್ಲರೆ, ಸೆಲ್ ಉಬ್ಬಿಲ್ಲ, ತುಕ್ಕಿಲ್ಲ, ನೀಲಿ ಸುತ್ತು ಎಲ್ಲೂ ಹರಿದಿಲ್ಲ. ಈ ಮೂರರಲ್ಲಿ ಯಾವುದೇ ಒಂದು ಕೆಟ್ಟಿದ್ರೂ ಟೇಪ್ ಹಚ್ಚಿ ಮುಚ್ಚೋ ಮಾತೇ ಇಲ್ಲ, ಪ್ಯಾಕ್ ಬದಲಾಯಿಸಬೇಕು.

ಅಂಟಿಸೋಕೆ ಏನು ಬಳಸೋದು ಅಂತ ನಮ್ಮ ಬೀದಿ ಮೊಬೈಲ್ ರಿಪೇರಿ ಅಣ್ಣನ್ನ ಕೇಳಿದ್ದೆ. "ಬಿಸಿ ಗ್ಲೂ ಗನ್ ನೇರವಾಗಿ ಸೆಲ್ ಮೇಲೆ ಸುರಿಬೇಡಪ್ಪ, ಫೆವಿಕ್ವಿಕ್ ಅಂತೂ ಬೇಡವೇ ಬೇಡ, ಅದು ಗಟ್ಟಿಯಾಗಿಬಿಡುತ್ತೆ, ಕುಲುಕಿದಾಗ ಬಿರುಕು ಬಿಡುತ್ತೆ" ಅಂದ್ರು. ಬಾತ್‌ರೂಮಿನ ಸಿಲಿಕೋನ್ ಹಾಕೋಣ ಅಂದ್ಕೊಂಡಿದ್ದೆ, ಆದ್ರೆ ಹುಳಿ ವಿನೆಗರ್ ವಾಸನೆ ಬರೋ ಸಿಲಿಕೋನ್ ಒಣಗುವಾಗ ಬಿಡೋ ಆಮ್ಲ ತಾಮ್ರವನ್ನ ತಿನ್ನುತ್ತೆ, ಸರ್ಕ್ಯೂಟ್ ಇರೋ ಮುಚ್ಚಿದ ಡಬ್ಬಿ ಒಳಗೆ ಅದು ಸರಿಯಲ್ಲ. ಕೊನೆಗೆ ಫೋಮ್ ಟೇಪೇ. ಹಳೇ ಅಂಟನ್ನ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಹತ್ತಿ ಅದ್ದಿ ಒರೆಸಿದೆ, ಥಿನ್ನರ್ ಬಳಸಿದ್ರೆ ಪ್ಲಾಸ್ಟಿಕ್ ಕರಗುತ್ತೆ. ಪ್ಯಾಕ್ ಕೆಳಗೆ ಹೊಸ ಟೇಪು, ಮೇಲೆ ಉಬ್ಬುಗೆರೆ ಬಡಿಯೋ ಜಾಗಕ್ಕೆ 3 ಮಿ.ಮೀ. ಫೋಮ್ ತುಂಡು. ಸೆಲ್ಲಿನ ಪಾಸಿಟಿವ್ ತುದೀಲಿ ಒತ್ತಡ ಹೆಚ್ಚಾದ್ರೆ ಗಾಳಿ ಬಿಡೋ ಕಿಂಡಿ ಇರುತ್ತೆ, ಆ ತುದಿ ಮುಚ್ಚದ ಹಾಗೆ ನಡುವಿಗೆ ಮಾತ್ರ ಹಚ್ಚಿದ್ದೀನಿ.

ಮುಚ್ಚಳ ಹಾಕಿ 135 ಹರ್ಟ್ಜ್ ಬಿಟ್ಟೆ, ಟರ್ರ್ ಇಲ್ಲ! ಖುಷಿಯಲ್ಲಿ ಅಮ್ಮನ್ನ ಕರೆದು ಹಾಡು ಹಾಕಿದ್ರೆ ಅಮ್ಮ ಒಂದು ನಿಮಿಷ ಕೇಳಿ "ಟರ್ರ್ ಹೋಯ್ತು, ಆದ್ರೆ ಗುಂ ಅನ್ನೋದೂ ಹೋಯ್ತಲ್ಲೋ" ಅಂದ್ರು. ನಿಜ, ಬೇಸ್ ಸತ್ತುಹೋಗಿತ್ತು, ಜೋರು ಮಾಡಿದ್ರೆ ಅಂಚಲ್ಲಿ ಉಸ್ ಉಸ್ ಗಾಳಿ.

ಗಾಳಿ ಸೋರ್ತಿದೆಯಾ ಅಂತ ನೋಡೋಕೆ ಸುಲಭದ ದಾರಿ ಇದೆ. ಹಿಂದಿನ ಪ್ಯಾಸಿವ್ ರೇಡಿಯೇಟರನ್ನ ಎರಡು ಬೆರಳಲ್ಲಿ ಮೆಲ್ಲಗೆ ಒಳಕ್ಕೆ ಒತ್ತಿ ಹಿಡಿದು, ಮುಂದಿನ ಜಾಲರಿ ಒಳಗೆ ಟಾರ್ಚ್ ಬಿಟ್ಟು ಕೋನ್ ನೋಡ್ಬೇಕು. ಡಬ್ಬಿ ಬಿಗಿಯಾಗಿದ್ರೆ ಕೋನ್ ಹೊರಗೆ ಉಬ್ಬಿ ನಿಂತು ನಿಧಾನಕ್ಕೆ ವಾಪಸ್ ಬರುತ್ತೆ. ನಮ್ಮದು ಒತ್ತಿದ ಮರುಕ್ಷಣವೇ ವಾಪಸ್. 3 ಮಿಲಿಮೀಟರ್ ಫೋಮ್ ಜಾಸ್ತಿಯಾಗಿ ಮುಚ್ಚಳ ನಡುವಲ್ಲಿ ಎದ್ದು, ಸುತ್ತಲಿನ ರಬ್ಬರ್ ಗ್ಯಾಸ್ಕೆಟ್ ಒಂದು ಕಡೆ ಕೂತೇ ಇರಲಿಲ್ಲ. ಒಂದೂವರೆ ಮಿಲಿಮೀಟರ್ ಸಂದಿಗೆ 3 ಮಿಲಿಮೀಟರ್ ಹಾಕಿದ್ದು ನನ್ನದೇ ತಪ್ಪು, ಸೆಲ್ಲನ್ನ ಹಾಗೆ ಹಿಂಡಿ ಇಡೋದೂ ಒಳ್ಳೇದಲ್ಲ. ಅವತ್ತಿಗೆ ಕತ್ತಲಾಗಿತ್ತು, ನಿಲ್ಲಿಸಿದೆ.

ಮೂರನೇ ಭಾನುವಾರ

ಮತ್ತೆ ಬಿಚ್ಚಿ 2 ಮಿ.ಮೀ. ಮೆತ್ತನೆ ಫೋಮ್ ಹಾಕ್ದೆ. ಗ್ಯಾಸ್ಕೆಟನ್ನ ಒಣ ಬಟ್ಟೇಲಿ ಒರೆಸಿ ಅದರ ಕಾಲುವೆಗೆ ಸುತ್ತ ಬೆರಳಾಡಿಸಿ ಕೂರಿಸ್ದೆ. ಸ್ಕ್ರೂಗಳನ್ನ ಸಾಲಾಗಿ ಬಿಗಿ ಮಾಡದೆ ಎದುರುಬದುರು ಮೂಲೆಗಳಿಂದ ಸ್ವಲ್ಪ ಸ್ವಲ್ಪ ಬಿಗಿ ಮಾಡ್ತಾ ಬಂದೆ. ಒತ್ತಿ ನೋಡಿದ್ರೆ ಕೋನ್ ಉಬ್ಬಿ ನಿಧಾನಕ್ಕೆ ಇಳೀತು, ಬೇಸ್ ವಾಪಸ್.

ಆದ್ರೆ 40ರಿಂದ ಮತ್ತೆ ಪೂರ್ತಿ ಏರಿಸಿದಾಗ 210 ಹತ್ತಿರ ಇನ್ನೊಂದು ಸದ್ದು, ತುಂಬಾ ತೆಳು, ಕಾಗದಕ್ಕೆ ನೊಣ ಬಡಿದ ಹಾಗೆ. ಮುಂಚೆಯೂ ಇತ್ತೇನೋ, ಬ್ಯಾಟರಿ ಗಲಾಟೇಲಿ ನಾನು ಗಮನಿಸಿರಲಿಲ್ಲ. ಈ ಸಲ ತಿರುಗಿಸಿದ್ರೆ ಸ್ವಲ್ಪಾನೂ ಬದಲಾಗಲ್ಲ, ಹಾಗಾಗಿ ಭಾರದ ವಸ್ತು ಅಲ್ಲ, ನನಗೆ ಎದೆ ಧಸಕ್ ಅಂತು, ಕೋನೇ ಹೋಗಿದೆ ಅಂದ್ಕೊಂಡೆ.

ಮುಚ್ಚಳ ತೆಗೆದು, ಬ್ಯಾಟರಿ ಮತ್ತು ರಿಬ್ಬನ್ ಸಿಕ್ಕಿಸಿಟ್ಟು, ತುಂಬಾ ಕಮ್ಮಿ ವಾಲ್ಯೂಮಲ್ಲಿ 210 ಬಿಟ್ಟೆ (ಬೆನ್ನು ತೆರೆದಾಗ ಒಳಗಿನ ಗಾಳಿ ಕೋನನ್ನ ತಡೆಯಲ್ಲ, ಜೋರು ಮಾಡಿದ್ರೆ ಅದು ಹದ್ದು ಮೀರಿ ಕುಣಿಯುತ್ತೆ). ಎಳನೀರಿನ ಸ್ಟ್ರಾ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಂದೊಂದೇ ಜಾಗದ ಹತ್ತಿರ, ವೈದ್ಯರು ಎದೆ ನೋಡಿದ ಹಾಗೆ. ಬಲಗಡೆ ಡ್ರೈವರ್ ಹಿಂದೆ ಸದ್ದು ಎದ್ದು ಕೇಳ್ತು. ಅಲ್ಲಿ ಕೆಂಪು ವೈರ್ ಒಂದು ಸುತ್ತು ಉದ್ದ ಜಾಸ್ತಿ ಇದ್ದು ಕೋನಿನ ಬೆನ್ನಿಗೆ ತಾಗೀತಾಗದ ಹಾಗೆ ನಿಂತಿತ್ತು. ಮರದ ಕಡ್ಡೀಲಿ ವೈರನ್ನ ಅರ್ಧ ಮಿಲಿಮೀಟರ್ ಸರಿಸಿದ್ರೆ ನಿಂತುಹೋಯ್ತು, ಬಿಟ್ರೆ ಮತ್ತೆ ಶುರು. ಬ್ಯಾಟರಿ ಜಾರಿದಾಗ ಆ ವೈರನ್ನ ಅದೇ ತಳ್ಳಿದೆ, ಎರಡೂ ಪಕ್ಕಪಕ್ಕಾನೇ ಹೋಗುತ್ತವೆ. ಬ್ಯಾಟರಿ ಮತ್ತೆ ಕಳಚಿ, ವೈರನ್ನ ಡಬ್ಬಿಯ ಗೋಡೆಗೆ ಬಿಸಿ ತಡೆಯೋ ಕ್ಯಾಪ್ಟಾನ್ ಟೇಪಲ್ಲಿ ಎರಡು ಕಡೆ ಅಂಟಿಸ್ದೆ, ಟಾರ್ಚ್ ಹಿಡಿದು ಎರಡೂ ಕೋನಿನ ಅಂಚಿನ ರಬ್ಬರ್ ಸುತ್ತು ನೋಡ್ದೆ, ಎಲ್ಲೂ ಬಿರುಕಿಲ್ಲ.

ಮುಚ್ಚಿದ ಮೇಲೆ 40ರಿಂದ 500ರ ತನಕ ಎರಡು ಸಲ, ನಾಲ್ಕೂ ಕಡೆ ತಿರುಗಿಸಿ ಕೇಳ್ದೆ, ಸ್ವಚ್ಛ. ಫೋಮ್ ಟೇಪ್, ಕ್ಯಾಪ್ಟಾನ್ ಟೇಪ್, ಆಲ್ಕೋಹಾಲ್ ಎಲ್ಲ ಸೇರಿ ಇನ್ನೂರು ರೂಪಾಯಿ ಒಳಗೆ. ಒಂದು ಮಾತು, ಬಿಚ್ಚಿ ಮುಚ್ಚಿದ ಮೇಲೆ ಮುಂಚಿನ ವಾಟರ್‌ಪ್ರೂಫ್ ಇದೆ ಅಂತ ನಾನು ನಂಬಲ್ಲ, ಸಿಂಕ್ ಪಕ್ಕ ಇಡಬೇಡಿ ಅಂತ ಅಮ್ಮನಿಗೆ ಹೇಳಿದ್ದೀನಿ. ಒಲೆಯಿಂದ ದೂರ ಕಿಟಕಿ ಪಕ್ಕದ ಗೂಡಿಗೆ ಜಾಗ ಬದಲಾಯ್ತು. ಒಂದು ತಿಂಗಳು ಬಿಟ್ಟು 135 ಮತ್ತು 210ರಲ್ಲಿ ಮತ್ತೆ ಕೇಳಿ ಇಲ್ಲೇ ಬರೀತೀನಿ. ಇವತ್ತು ಬೆಳಿಗ್ಗೆ ಅಮ್ಮ ಅದೇ ಹಾಡು ಹಾಕಿದ್ರು, ಎಡಗಡೆ ಪೆಟ್ಟು ಬಂದಾಗ ಸಾರು ಕುದಿಸ್ತಾ ಇದ್ದೋರು ಸೌಟು ಹಿಡ್ಕೊಂಡು ಒಂದು ಕ್ಷಣ ನಿಂತು ಕೇಳಿ, ಏನೂ ಅನ್ನದೆ ಸಾರು ತಿರುವೋಕೆ ಹೋದ್ರು.