ಮೊದಲ ಸಾಲು, ಕೊನೆಯ ಸಾಲು

ಇವತ್ತು ಕೊಪ್ಪಳದ ಬಸ್ಸಿಗೆ ಕಾಯುತ್ತಾ ಕಿನ್ನಾಳ ಗೊಂಬೆಗಳ ಬಗ್ಗೆ ಬರೆದದ್ದನ್ನು ತಿದ್ದುತ್ತಿದ್ದೆ.

ಒಂದು ಪ್ಯಾರಾ ಹೀಗಿತ್ತು. ಶುರುವಿಗೆ, "ಕಿನ್ನಾಳ ಕಲೆ ಬಹಳ ವಿಶಿಷ್ಟ." ನಡುವೆ, "ಹುಣಸೆಬೀಜದ ಅಂಟಿಗೆ ಮರದ ಪುಡಿ, ಸೆಣಬಿನ ಚಿಂದಿಯ ಪುಡಿ ಕಲಸಿ ಕಿಟ್ಟ ಮಾಡುತ್ತಾರೆ." ಕೊನೆಗೆ, "ಹೀಗೆ ಈ ಕಲೆ ವಿಶಿಷ್ಟವಾಗಿದೆ."

ಮೊದಲ ಮತ್ತು ಕೊನೆಯ ಸಾಲನ್ನು ಬೆರಳಿಂದ ಮುಚ್ಚಿ ಓದಿದೆ. ಏನೂ ಕಳೆಯಲಿಲ್ಲ, ಊರಿನ ಹೆಸರೊಂದನ್ನು ಬಿಟ್ಟು! ಅದನ್ನು ನಡುವಿನ ಸಾಲಿಗೆ ತಂದೆ: "ಕಿನ್ನಾಳದಲ್ಲಿ ಹುಣಸೆಬೀಜದ ಅಂಟಿಗೆ..."

ಮುಂದಿನ ಪ್ಯಾರಾ "ಕಿಟ್ಟ ಒಣಗಿದ ಮೇಲೆ" ಎಂದು ಶುರುವಾಗುತ್ತಿತ್ತು. ಎಷ್ಟು ಚೆನ್ನಾಗಿ ಕೂಡಿಕೊಂಡಿತು ಗೊತ್ತಾ? ನಡುವೆ ಆ "ಹೀಗೆ" ಅಡ್ಡ ನಿಂತಿತ್ತು, ಅಷ್ಟೇ.

ಪರೀಕ್ಷೆಯ ಉತ್ತರ ಬರೆದು ಬರೆದು ಬಂದ ಅಭ್ಯಾಸ ಇದು. ಇನ್ನೂ ಆರು ಪ್ಯಾರಾ ಇವೆ, ಬಸ್ಸು ಬಂತು.