ಟೋಟಲ್ ಸರಿಯಾಗೇ ಇದೆಯಲ್ಲ ಸಾರ್

"ಕಂಪ್ಯೂಟರ್ ಕೊಟ್ಟಿರೋ ರಿಪೋರ್ಟ್ ಅಲ್ವಾ ಸಾರ್? ಅದರಲ್ಲಿ ನೀವು ಮತ್ತೆ ಏನು ಚೆಕ್ ಮಾಡ್ತೀರ? ಕಂಪ್ಯೂಟರ್ ಕೂಡಿಸೋದು ತಪ್ಪುತ್ತಾ?"

ತಪ್ಪಲ್ಲ. ಕೂಡಿಸೋದರಲ್ಲಿ ಅದು ನನಗಿಂತ ಜಾಣ, ನಿಮಗಿಂತಲೂ. ಹಾಸನಕ್ಕೆ ಬಂದು ಆಡಿಟರ್ ಆಗಿ ಪ್ರಾಕ್ಟೀಸ್ ಶುರು ಮಾಡಿದಾಗಿನಿಂದ ಈ ಮಾತು ಕೇಳುತ್ತಿದ್ದೇನೆ. ಕ್ಲೈಂಟ್ ಕೇಳುತ್ತಾರೆ, ಅವರ ಅಕೌಂಟೆಂಟ್ ಕೇಳುತ್ತಾರೆ, ಬೇಲೂರಿನ ಮದುವೆಮನೆಯಲ್ಲಿ ಪಂಕ್ತಿಯಲ್ಲಿ ಪಕ್ಕ ಕೂತ ಷಡ್ಡಕ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳುತ್ತಾರೆ. ಕೇಳುವ ಧಾಟಿಯಲ್ಲೇ ಉತ್ತರವೂ ಇರುತ್ತದೆ: ಫೀಸು ಏರಿಸೋಕೆ ಏನೋ ಒಂದು ನೆಪ. ಅದಕ್ಕೇ ಒಮ್ಮೆ ಬರೆದಿಟ್ಟುಬಿಡುತ್ತೇನೆ. ಇನ್ನು ಮೇಲೆ ಕೇಳಿದವರಿಗೆ ಲಿಂಕ್ ಕಳಿಸಿ ಊಟ ಮುಂದುವರಿಸಬಹುದು.

ಒಂದು ಕಂಪನಿ ಇತ್ತು, ಈಗಲೂ ಇದೆ, ಹೆಸರು ಬೇಡ. ಗೊಬ್ಬರ, ಕೀಟನಾಶಕ, ಮೈಲುತುತ್ತದ ಡಿಸ್ಟ್ರಿಬ್ಯೂಟರ್. ಆಲೂರು, ಸಕಲೇಶಪುರ, ಮೂಡಿಗೆರೆ ಕಡೆಯ ತೋಟದವರೇ ಗಿರಾಕಿಗಳು. ಮಳೆಗಾಲಕ್ಕೆ ಮುಂಚೆ ಸಾಲದ ಮೇಲೆ ಮಾಲು ಒಯ್ಯುತ್ತಾರೆ, ಕಾಫಿ ಕುಯ್ದು ಮಾರಿದ ಮೇಲೆ ಕೊಡುತ್ತಾರೆ. ಹಾಗಾಗಿ ಮಾರ್ಚ್ 31ಕ್ಕೆ ಆ ಕಂಪನಿಯ ಆಸ್ತಿಯಲ್ಲಿ ದೊಡ್ಡ ಪಾಲು ಜನರಿಂದ ಬರಬೇಕಾದ ಬಾಕಿಯೇ. ಆ ಬಾಕಿಯಲ್ಲಿ ಎಷ್ಟು ಬರುತ್ತೆ, ಎಷ್ಟು ಬರಲ್ಲ ಅಂತ ಅಂದಾಜು ಮಾಡಲು ಅದು ಎಷ್ಟು ಹಳೆಯದು ಅನ್ನೋ ಪಟ್ಟಿ ಬೇಕು. ನಮ್ಮ ಭಾಷೆಯಲ್ಲಿ ಏಜಿಂಗ್. ಆರು ತಿಂಗಳೊಳಗಿನದು, ಆರು ತಿಂಗಳಿಂದ ವರ್ಷ, ಒಂದರಿಂದ ಎರಡು ವರ್ಷ, ಹೀಗೆ ಕಾಲಂಗಳು. ಎರಡು ವರ್ಷ ದಾಟಿದ್ದಕ್ಕೆ ಅರ್ಧದಷ್ಟು ನಷ್ಟಕ್ಕೆ ತೆಗೆದಿಡಬೇಕು ಅಂತ ಆ ಕಂಪನಿಯೇ ಮಾಡಿಕೊಂಡ ನಿಯಮ.

2024ರ ಮಾರ್ಚ್ 31ರ ಲೆಕ್ಕಕ್ಕೆ ಅವರ ಅಕೌಂಟೆಂಟ್ ಎಕ್ಸೆಲ್ ಕಳಿಸಿದರು. ಒಟ್ಟು ಬಾಕಿ 2,31,85,000. ಎಲ್ಲ ಖಾತೆಗಳ ಮೊತ್ತ ಒಟ್ಟಿಗೆ ತೋರಿಸುವ ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಸಂಡ್ರಿ ಡೆಟರ್ಸ್, ಅಂದರೆ ಬಾಕಿ ಕೊಡಬೇಕಾದ ಗಿರಾಕಿಗಳ ಗುಂಪಿನ ಮೊತ್ತವೂ ಅಷ್ಟೇ, ರೂಪಾಯಿಗೆ ರೂಪಾಯಿ. ಎರಡು ವರ್ಷ ದಾಟಿದ ಕಾಲಂನಲ್ಲಿ ಸೊನ್ನೆ. ತೆಗೆದಿಡಬೇಕಾದ್ದೂ ಸೊನ್ನೆ. ಒಪ್ಪಿಕೊಳ್ಳುತ್ತೇನೆ, ಮೊತ್ತ ಹೊಂದಿದ್ದು ನೋಡಿ ನಾನು ಹಸಿರು ಪೆನ್ನಿನಲ್ಲಿ ಟಿಕ್ ಹಾಕಿಯಾಗಿತ್ತು. ಈ ಬರಹದಲ್ಲಿ ನಾನು ಹೀರೋ ಅಲ್ಲ.

ನಮ್ಮ ಆಫೀಸಿನಲ್ಲಿ ಸಿಎ ತರಬೇತಿಗೆ ಬಂದ ಆರ್ಟಿಕಲ್ ಹುಡುಗಿ, ಸೇರಿ ನಾಲ್ಕು ತಿಂಗಳಾಗಿತ್ತು, ಪಟ್ಟಿಯನ್ನು ಕೊನೆಯವರೆಗೂ ಎಳೆದು ನೋಡಿ ಕೇಳಿದಳು: "ಸಾರ್, ಈ 'ಇತರೆ' ಅನ್ನೋರು ಯಾವೂರಿನವರು?"

ಇನ್ನೂರು ಚಿಲ್ಲರೆ ಗಿರಾಕಿಗಳ ಹೆಸರಿನ ಕೆಳಗೆ ಕಟ್ಟಕಡೆಯ ಸಾಲು: ಇತರೆ, 17,25,000, ಆರು ತಿಂಗಳೊಳಗಿನ ಕಾಲಂನಲ್ಲಿ.

ಅಕೌಂಟೆಂಟ್‌ಗೆ ಫೋನ್ ಮಾಡಿದೆ. ಮನುಷ್ಯ ಪ್ರಾಮಾಣಿಕ, ತಡವರಿಸಲೂ ಇಲ್ಲ. "ಟ್ಯಾಲಿ ಆಗ್ತಾ ಇರ್ಲಿಲ್ಲ ಸಾರ್, ಅಷ್ಟು ಕಮ್ಮಿ ಬರ್ತಿತ್ತು. ನೀವು ಬೈತೀರ ಅಂತ ಸೇರಿಸಿದೆ."

ಇಲ್ಲಿ ಕಂಪ್ಯೂಟರ್ ಏನಾದರೂ ತಪ್ಪಿತಾ? ಇಲ್ಲ. ಅವರು ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಪ್ರತಿ ಲೆಡ್ಜರ್‌ಗೂ, ಅಂದರೆ ಪ್ರತಿ ಗಿರಾಕಿಯ ಖಾತೆಗೂ, Maintain balances bill-by-bill ಅಂತ ಒಂದು ಆಯ್ಕೆ ಇರುತ್ತದೆ. ಅದು Yes ಇದ್ದರೆ ಮಾತ್ರ ಆ ಗಿರಾಕಿಯ ಬಿಲ್ಲುಗಳು ಬಾಕಿ ಬಿಲ್ಲುಗಳ ರಿಪೋರ್ಟಿಗೆ ಬರುತ್ತವೆ. ಏಳು ಲೆಡ್ಜರ್‌ಗಳಲ್ಲಿ ಅದು No ಇತ್ತು. ರಿಪೋರ್ಟ್ ಅವರನ್ನು ಬಿಟ್ಟಿತು, ಯಾಕೆಂದರೆ ಬಿಡು ಅಂತ ಯಾರೋ ಎಂದೋ ಹೇಳಿದ್ದರು. ಬ್ಯಾಲೆನ್ಸ್ ಮಾತ್ರ ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಹಾಗೇ ಕೂತಿತ್ತು. ಏಳೂ ಜನ ವ್ಯವಹಾರ ನಿಲ್ಲಿಸಿ ಎಷ್ಟೋ ಕಾಲವಾದ ಹಳಬರು. 17,25,000ದಲ್ಲಿ 13 ಲಕ್ಷ ಎರಡು ವರ್ಷ ದಾಟಿತ್ತು. ಪಟ್ಟಿಯಿಂದ ತಪ್ಪಿಸಿಕೊಂಡದ್ದು ಸುಮ್ಮನೆ ಯಾವುದೋ ಏಳು ಹೆಸರಲ್ಲ, ನಾವು ಹುಡುಕುತ್ತಿದ್ದ ಏಳೇ ಹೆಸರು. ಎಕ್ಸೆಲ್‌ಗೆ ಇಳಿದ ಮೇಲೆ ಆ ಮೊತ್ತಕ್ಕೆ ಒಬ್ಬರು ಕೈಯಾರೆ ಹೊಸ ಪ್ರಾಯ ಕೊಟ್ಟಿದ್ದರು. ಎಕ್ಸೆಲ್‌ಗೆ ಇಳಿದದ್ದು ಇನ್ನು ಕಂಪ್ಯೂಟರ್ ಕೊಟ್ಟ ರಿಪೋರ್ಟ್ ಅಲ್ಲ, ಕಂಪ್ಯೂಟರ್ ಕೊಟ್ಟದ್ದರ ಮೇಲೆ ಯಾರೋ ಟೈಪ್ ಮಾಡಿದ್ದು.

ಆಮೇಲೆ ನಾನೇ ಎದ್ದು ಅವರ ಅಂಗಡಿಗೆ ಹೋದೆ. ಅಕೌಂಟೆಂಟ್ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ನನ್ನ ಕಣ್ಣೆದುರೇ ರಿಪೋರ್ಟ್ ತೆಗೆಸಿದೆ. ಜನ ಇದನ್ನು ಅಪನಂಬಿಕೆ ಅಂದುಕೊಳ್ಳುತ್ತಾರೆ. ನಾನು ನೋಡುವುದು ಅವರ ಮುಖ ಅಲ್ಲ, ಪರದೆಯ ಮೇಲ್ಭಾಗ: ಯಾವ ಕಂಪನಿಯ ಡೇಟಾ ತೆರೆದಿದೆ, ಯಾವ ತಾರೀಖಿನವರೆಗೆ, ಯಾವ ಗುಂಪು, ವಯಸ್ಸು ಎಣಿಸುವುದು ಬಿಲ್ಲಿನ ತಾರೀಖಿನಿಂದಲೋ ಪಾವತಿಯ ಗಡುವಿನಿಂದಲೋ. ಕೊನೆಯದು ಹುಡುಗಾಟದ ವಿಷಯವಲ್ಲ. ಬ್ಯಾಲೆನ್ಸ್ ಶೀಟಿನ ಟಿಪ್ಪಣಿಯಲ್ಲಿ ಕಂಪನಿ ಕಾಯ್ದೆಯ 3ನೇ ಅನುಸೂಚಿ ಕೇಳುವುದು ಗಡುವಿನಿಂದ ಎಣಿಸಿದ ವಯಸ್ಸು, ಗಡುವು ಗೊತ್ತುಮಾಡಿರದಿದ್ದರೆ ಮಾತ್ರ ವ್ಯವಹಾರದ ತಾರೀಖಿನಿಂದ. ನಮ್ಮ ಕಡೆ ಬಿಲ್ಲಿನ ಮೇಲೆ 30 ದಿನ ಅಂತ ಅಚ್ಚಾಗಿರುತ್ತದೆ, ಬಾಯಿಮಾತಿನಲ್ಲಿ "ಕಾಫಿ ಮಾರಿದ ಮೇಲೆ ಕೊಡಿ ಗೌಡ್ರೇ" ಅಂತಿರುತ್ತದೆ. ಯಾವುದನ್ನು ಹಿಡಿಯಬೇಕು ಅನ್ನೋದು ಇನ್ನೊಂದು ಬರಹಕ್ಕಾಗುವಷ್ಟಿದೆ.

ಹೊಸದಾಗಿ ತೆಗೆದ ಪಟ್ಟಿಯಿಂದ 25 ಬಿಲ್ಲು ಆರಿಸಿ ಫೈಲಿನಲ್ಲಿ ಅಸಲು ಬಿಲ್ಲು ಹುಡುಕಿದೆವು. 21 ಸಿಕ್ಕವು, ತಾರೀಖು, ಮೊತ್ತ ಎಲ್ಲ ಸರಿ. ಉಳಿದ ನಾಲ್ಕಕ್ಕೆ ಬಿಲ್ಲೇ ಇಲ್ಲ. ನಾಲ್ಕರ ಬಿಲ್ ನಂಬರ್ ಜಾಗದಲ್ಲೂ "OB" ಅಂತ ಎರಡಕ್ಷರ, ತಾರೀಖು 1-4-2023.

ಇದರ ಹಿಂದಿನ ಕಥೆ ಕೇಳಿದರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕು, ಅದನ್ನು ಆಫ್ ಮಾಡಲು ಬರಬಾರದು ಅಂತ ಕಾನೂನು ಬಂತು. ಇವರು ಆ ಭಯಕ್ಕೆ ಹೊಸ ಡೇಟಾ ಶುರು ಮಾಡಿ, ಹಳೆಯ ಬಾಕಿಗಳನ್ನು ಓಪನಿಂಗ್ ಬ್ಯಾಲೆನ್ಸ್ ಅಂತ ಗಿರಾಕಿಗೊಂದು ಸಾಲಿನಂತೆ ತುಂಬಿದರು. ಒಂದೊಂದು ಹಳೆ ಬಿಲ್ಲನ್ನೂ ಅದರದ್ದೇ ತಾರೀಖಿನೊಂದಿಗೆ ತುಂಬಲು ಟ್ಯಾಲಿಯಲ್ಲಿ ಜಾಗವಿದೆ. ಆದರೆ 31 ಗಿರಾಕಿಗಳು, ನೂರಾರು ಬಿಲ್ಲು, ಏಪ್ರಿಲ್ ತಿಂಗಳ ಸೆಖೆ. ಎಲ್ಲರ ಬಾಕಿಯೂ ಏಪ್ರಿಲ್ 1ರಂದು ಹೊಸದಾಗಿ ಹುಟ್ಟಿತು. 2024ರ ಮಾರ್ಚ್ 31ಕ್ಕೆ ಎಣಿಸಿದರೆ ಸರಿಯಾಗಿ 365 ದಿನ. ವರ್ಷದ ಗಡಿಯ ಮೇಲೆ ನಿಂತು, ಒಳಗಿನ ಕಾಲಂನಲ್ಲೇ ಬಿತ್ತು. 38,40,000 ರೂಪಾಯಿ.

ಹಳೆ ಡೇಟಾ ತೆರೆಸಿ ನಿಜವಾದ ತಾರೀಖು ಹಾಕಿಸಿದಾಗ ಅದರಲ್ಲಿ 22 ಲಕ್ಷ ಎರಡು ವರ್ಷ ದಾಟಿತ್ತು. 'ಇತರೆ'ಯವರ 13 ಲಕ್ಷ ಸೇರಿದರೆ 35 ಲಕ್ಷ. ಅವರದ್ದೇ ನಿಯಮದಂತೆ ಅರ್ಧ, ಅಂದರೆ ಹದಿನೇಳೂವರೆ ಲಕ್ಷ ತೆಗೆದಿಡಬೇಕು. ಆ ವರ್ಷ ಅವರು ತೋರಿಸಿದ್ದ ಲಾಭ 31 ಲಕ್ಷ. ಬ್ಯಾಂಕಿನವರಿಗೆ ಆಗಲೇ ಆ ಅಂಕಿ ಹೇಳಿಬಿಟ್ಟಿದ್ದರಂತೆ. ಯಜಮಾನರು ಮೂರು ದಿನ ನನ್ನ ಫೋನ್ ಎತ್ತಲಿಲ್ಲ. ಕಳ್ಳತನ ಯಾರೂ ಮಾಡಿರಲಿಲ್ಲ, ಕೂಡಿಕೆ ಎಲ್ಲೂ ತಪ್ಪಿರಲಿಲ್ಲ. ತಿದ್ದುಪಡಿಯ ಜಾಡಿನಲ್ಲೂ ಏನೂ ಕಾಣುತ್ತಿರಲಿಲ್ಲ, ಯಾಕೆಂದರೆ ತಿದ್ದಿದ್ದೇ ಇಲ್ಲವಲ್ಲ, ಮೊದಲ ಸಲವೇ ಹಾಗೆ ತುಂಬಿದ್ದರು.

ಈಗ ನನ್ನ ತಕರಾರು. "ತಪ್ಪಿದೆಯಾ" ಅಂತ ಎಲ್ಲರೂ ಕೇಳುತ್ತಾರೆ, "ಯಾವ ಕೆಲಸಕ್ಕೆ ಸಾಕು" ಅಂತ ಈವರೆಗೆ ಒಬ್ಬರೂ ಕೇಳಿಲ್ಲ. ಯಾರಾದರೂ ಕೇಳಲಿ ಅಂತ ವರ್ಷಗಳಿಂದ ಕಾಯುತ್ತಿದ್ದೇನೆ. ನಮ್ಮ ಸಿಎಗಳ ಸಂಸ್ಥೆ ಐಸಿಎಐ ಹೊರತಂದಿರುವ ಆಡಿಟ್ ಮಾನದಂಡ ಎಸ್‌ಎ 500ರ 9ನೇ ಪ್ಯಾರಾ ಹೇಳುವುದೂ ಇದನ್ನೇ: ಕಂಪನಿಯೇ ತಯಾರಿಸಿದ ಮಾಹಿತಿ ಆಡಿಟರ್ ಹಿಡಿದ ಕೆಲಸಕ್ಕೆ ಆಗುವಷ್ಟು ನಂಬಲರ್ಹವೇ, ಅದು ಪೂರ್ತಿ ಇದೆಯೇ, ನಿಖರ ಇದೆಯೇ, ಬೇಕಾದಷ್ಟು ವಿವರ ಇದೆಯೇ ಅಂತ ನೋಡಬೇಕು. ಬಾಕಿ ಖಚಿತಪಡಿಸಿ ಅಂತ ಗಿರಾಕಿಗಳಿಗೆ ಪತ್ರ ಬರೆಯಲು ಹೆಸರು ಆರಿಸುವುದಷ್ಟೇ ನನ್ನ ಕೆಲಸವಾಗಿದ್ದರೆ, ಆ "OB" ಸಾಲುಗಳಿಂದ ಏನೂ ಕೆಡುತ್ತಿರಲಿಲ್ಲ. ಹೆಸರಿದೆ, ಬಾಕಿ ಇದೆ, ವಯಸ್ಸು ಯಾರಿಗೆ ಬೇಕು? ಆದರೆ ಆ ಕೆಲಸಕ್ಕೆ 'ಇತರೆ' ದೊಡ್ಡ ತೂತು, ಏಳು ಜನರಿಗೆ ಪತ್ರವೇ ಹೋಗುವುದಿಲ್ಲ. ನಷ್ಟಕ್ಕೆ ತೆಗೆದಿಡುವ ಲೆಕ್ಕಕ್ಕಾದರೆ ಎರಡೂ ತೂತೇ. ಅದೇ ಪಟ್ಟಿ ಬೆಳಿಗ್ಗೆಯ ಕೆಲಸಕ್ಕೆ ಅರ್ಧ ಆಗುತ್ತೆ, ಮಧ್ಯಾಹ್ನದ ಕೆಲಸಕ್ಕೆ ಏನೂ ಆಗಲ್ಲ.

ಇನ್ನೊಂದು, ಹುಡುಕುವ ದಿಕ್ಕು. ಪಟ್ಟಿಯಿಂದ ಬಿಲ್ಲಿನ ಕಡೆ ಹೋದರೆ, ಪಟ್ಟಿಯಲ್ಲಿ ಇರುವುದು ನಿಜವೇ ಅಂತ ಗೊತ್ತಾಗುತ್ತದೆ. ಪಟ್ಟಿಯಲ್ಲಿ ಇಲ್ಲದ್ದನ್ನು ಪಟ್ಟಿಯೊಳಗೆ ಹುಡುಕಿದರೆ ಸಿಗುತ್ತಾ? ಅದಕ್ಕೆ ಹೊರಗಿನಿಂದ ಬರಬೇಕು. ಗೋಡೌನಿನಿಂದ ಮಾಲು ಹೊರಟ ಚಲನ್ ಪುಸ್ತಕ ಹಿಡಿದು, ಈ ಲೋಡು ಬಿಲ್ಲಾಯಿತೇ, ದುಡ್ಡು ಬಂತೇ, ಬರದಿದ್ದರೆ ಪಟ್ಟಿಯಲ್ಲಿ ಇದೆಯೇ ಅಂತ ನೋಡಬೇಕು. ಬಿಲ್ ನಂಬರಿನ ಸರಣಿ ಎಲ್ಲೂ ಮುರಿದಿಲ್ಲ ಅಂತ ಎದೆ ತಟ್ಟಿ ಹೇಳುವವರಿಗೆ ಒಂದು ಮಾತು: ಹಳೆಯ ಟ್ಯಾಲಿಯಲ್ಲಿ ನಂಬರು ತಾನಾಗೇ ಬೀಳುವಂತೆ ಬಿಟ್ಟಿದ್ದರೆ, ನಡುವೆ ಒಂದು ಬಿಲ್ಲು ಅಳಿಸಿದಾಗ ಉಳಿದವು ಸಾಲಾಗಿ ಜರುಗಿ ಆ ಜಾಗ ತುಂಬಿಕೊಳ್ಳುತ್ತಿದ್ದವು. ಹುಣ್ಣಿನ ಮೇಲೆ ಚರ್ಮ ಬಂದ ಹಾಗೆ.

ಪ್ರತಿ ರಿಪೋರ್ಟಿಗೂ ಇಷ್ಟು ಮಾಡುತ್ತೇನಾ? ಇಲ್ಲ, ಮಾಡಿದರೆ ಸೆಪ್ಟೆಂಬರ್ ಕೊನೆಯೊಳಗೆ ಒಂದು ಆಡಿಟ್ಟೂ ಮುಗಿಯಲ್ಲ. ಸಾಫ್ಟ್‌ವೇರ್ ಜೊತೆಗೇ ಬಂದ ರಿಪೋರ್ಟನ್ನು ಯಾರೂ ಮುಟ್ಟಿಲ್ಲ ಅಂತ ಖಾತ್ರಿಯಾದರೆ ಅದರ ಕೂಡಿಕೆ, ಕಳೆತವನ್ನು ನಾನು ಮತ್ತೆ ಮಾಡುವುದಿಲ್ಲ. ಏನು ಒಳಹೋಗಿದೆ, ಏನು ಕೇಳಿ ತೆಗೆದಿದ್ದಾರೆ, ಅಷ್ಟು ನೋಡುತ್ತೇನೆ. ಯಾರೋ ಹುಡುಗ ಬಂದು ಇವರಿಗಂತಲೇ ಬರೆದುಕೊಟ್ಟ ರಿಪೋರ್ಟ್ ಆದರೆ ಮಾತ್ರ ಎರಡು ಮೂರು ಗಿರಾಕಿಗಳದ್ದಾದರೂ ಕೈಲೆಕ್ಕ ಹಾಕಿ ತಾಳೆ ನೋಡದೆ ಬಿಡಲ್ಲ.

ಈ ವರ್ಷ ಅದೇ ಅಕೌಂಟೆಂಟ್ ಪಟ್ಟಿ ಕಳಿಸಿದರು. ಜೊತೆಗೆ ಪರದೆಯ ಫೋಟೋ, ತಾರೀಖು ಕಾಣುವ ಹಾಗೆ. ಏಳೂ ಲೆಡ್ಜರ್ ಸರಿಪಡಿಸಿದ್ದರು. ಹುಡುಗಿ ನೇರವಾಗಿ ಕೊನೆಯ ಸಾಲಿಗೆ ಹೋದಳು. 'ಇತರೆ' ಇರಲಿಲ್ಲ. 'ರೌಂಡ್ ಆಫ್, 3 ರೂಪಾಯಿ' ಅಂತಿತ್ತು. ಫೋನ್ ಎತ್ತಿಕೊಂಡು ಅದರದ್ದೂ ಊರು ಕೇಳಿದಳು.